ಸೊನ್ನೆಯ ಮೇಲೆ ಸೊನ್ನೆ ಬಂದಾಗ ಯಾವ ದಾರಿ ಹಿಡಿಯಬೇಕು?

ಲಿಮಿಟ್ ಲೆಕ್ಕ ಕೈಗೆ ಬಂದ ತಕ್ಷಣ ಮೊದಲು ಮಾಡಬೇಕಾದ ಕೆಲಸ ಒಂದೇ. x ಯಾವ ಸಂಖ್ಯೆಯ ಹತ್ತಿರ ಹೋಗುತ್ತಿದೆಯೋ ಆ ಸಂಖ್ಯೆಯನ್ನು ನೇರವಾಗಿ ಹಾಕಿ ನೋಡುವುದು. ಎಷ್ಟೋ ಲೆಕ್ಕಗಳು ಅಲ್ಲಿಗೇ ಮುಗಿದುಹೋಗುತ್ತವೆ. ಛೇದ ಸೊನ್ನೆಯಾಗದೆ ಒಂದು ಸಂಖ್ಯೆ ಬಂದರೆ, ಮಾಮೂಲಿ ಫಂಕ್ಷನ್‌ಗಳಲ್ಲಿ ಅದೇ ಉತ್ತರ. ಮೇಲೆ 5, ಕೆಳಗೆ 0 ಬಂದರೆ ಲಿಮಿಟ್ ಒಂದು ಸಂಖ್ಯೆಯಾಗಿ ಇರುವುದಿಲ್ಲ, ಅದೂ ಗೊತ್ತಾಗಿಬಿಡುತ್ತದೆ. ತಲೆ ಕೆಡಿಸುವುದು ಮೇಲೂ 0, ಕೆಳಗೂ 0 ಬಂದಾಗ ಮಾತ್ರ.

0/0 ಅಂದರೆ ಉತ್ತರ ಸೊನ್ನೆ ಅಲ್ಲ, ಒಂದೂ ಅಲ್ಲ, ಉತ್ತರ ಇಲ್ಲ ಅಂತಲೂ ಅಲ್ಲ. x ಸೊನ್ನೆಯತ್ತ ಹೋಗುವಾಗ ಈ ಮೂರನ್ನು ನೋಡಿ: 5x/x, x²/x, x/x². ಮೂರರಲ್ಲೂ x = 0 ಹಾಕಿದರೆ 0/0. ಆದರೆ ಮೊದಲನೆಯದರ ಲಿಮಿಟ್ 5, ಎರಡನೆಯದರದ್ದು 0, ಮೂರನೆಯದಕ್ಕೆ ಲಿಮಿಟ್ಟೇ ಇಲ್ಲ. ಅಂಶ ಎಷ್ಟು ಬೇಗ ಸೊನ್ನೆಯಾಗುತ್ತಿದೆ, ಛೇದ ಎಷ್ಟು ಬೇಗ ಸೊನ್ನೆಯಾಗುತ್ತಿದೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ಅಪವರ್ತಿಸುವುದು, ಕಾಂಜುಗೇಟ್‌ನಿಂದ ಗುಣಿಸುವುದು, ಅವಕಲಿಸುವುದು, ಈ ಮೂರೂ ಆ ವೇಗಗಳನ್ನು ಹೋಲಿಸುವ ಬೇರೆ ಬೇರೆ ದಾರಿಗಳು.

ಒಂದೇ ಲೆಕ್ಕವನ್ನು ಮೂರು ರೀತಿಯಲ್ಲೂ ಮಾಡಿ ನೋಡೋಣ. ಹಾಗೆ ಮಾಡಿದರೆ ಯಾವುದು ಯಾವಾಗ ಹಗುರ ಅನ್ನೋದು ತಾನಾಗಿ ಕಾಣುತ್ತದೆ.

lim (x→3) (√(x+1) − 2) / (x² − 9)

x = 3 ಹಾಕಿದರೆ ಮೇಲೆ √4 − 2 = 0. ಕೆಳಗೆ 9 − 9 = 0. ಸರಿ, 0/0 ಹೌದು.

ಕ್ಯಾಲ್ಕುಲೇಟರ್ ಇದ್ದರೆ ಮೊದಲು ಒಂದು ಅಂದಾಜು ತೆಗೆದುಕೊಳ್ಳಿ. x = 3.01 ಹಾಕಿದರೆ ಸುಮಾರು 0.04157 ಬರುತ್ತದೆ. x = 2.99 ಹಾಕಿದರೆ ಸುಮಾರು 0.04176. ಅಂದರೆ ಉತ್ತರ ಇವೆರಡರ ನಡುವೆ ಎಲ್ಲೋ, 0.0417ರ ಆಸುಪಾಸಿನಲ್ಲಿ ಇರಬೇಕು. ಕೊನೆಗೆ ನಮಗೆ 1/4 ಅಂತಲೋ 6 ಅಂತಲೋ ಬಂದರೆ ಎಲ್ಲೋ ಎಡವಿದ್ದೇವೆ ಅಂತ ಅರ್ಥ.

ಈಗ ಕಾಂಜುಗೇಟ್ ದಾರಿ. ಕೆಳಗಿನ x² − 9 ಸುಲಭ, ಅದು (x − 3)(x + 3). ತೊಂದರೆ ಮಾಡುತ್ತಿರುವ (x − 3) ಅಲ್ಲಿ ಎದುರಿಗೇ ಕಾಣುತ್ತಿದೆ. ಮೇಲೆ ಮಾತ್ರ ಅದು ವರ್ಗಮೂಲದೊಳಗೆ ಅಡಗಿ ಕೂತಿದೆ. ಅದನ್ನು ಹೊರಗೆ ತರಬೇಕಾದರೆ √(x+1) + 2 ಎಂಬುದರಿಂದ ಮೇಲೂ ಕೆಳಗೂ ಗುಣಿಸಬೇಕು. (a − b)(a + b) = a² − b² ಅನ್ನೋ ಹಳೆಯ ಸೂತ್ರವೇ ಇಲ್ಲಿ ಕೆಲಸ ಮಾಡೋದು:

(√(x+1) − 2)(√(x+1) + 2) = (x + 1) − 4 = x − 3

ಅಡಗಿದ್ದ x − 3 ಹೊರಬಂತು. ಈಗ ಇಡೀ ಭಿನ್ನರಾಶಿ ಹೀಗಿದೆ:

(x − 3) / [(x − 3)(x + 3)(√(x+1) + 2)]

x ಮೂರರ ಹತ್ತಿರ ಹೋಗುತ್ತದೆ, ಮೂರೇ ಆಗುವುದಿಲ್ಲ. ಹಾಗಾಗಿ x − 3 ಸೊನ್ನೆಯಲ್ಲ, ಧೈರ್ಯವಾಗಿ ಹೊಡೆದುಹಾಕಬಹುದು. ಉಳಿದದ್ದು 1 / [(x + 3)(√(x+1) + 2)]. ಇದಕ್ಕೆ x = 3 ಹಾಕಿದರೆ 1/(6 × 4) = 1/24. ದಶಮಾಂಶದಲ್ಲಿ 0.041666…, ನಮ್ಮ ಅಂದಾಜಿಗೆ ಸರಿಯಾಗಿ ಕೂತಿತು.

ಇಲ್ಲಿ ತುಂಬಾ ಜನ ಎಡವುವ ಒಂದು ಜಾಗ ಇದೆ. ಕಾಂಜುಗೇಟ್‌ನಿಂದ ಗುಣಿಸಿದ ಮೇಲೆ ಕೆಳಗಿನದನ್ನೂ ಬಿಡಿಸಿ ಬರೆಯಲು ಹೊರಡುತ್ತಾರೆ. x²√(x+1) + 2x² − 9√(x+1) − 18 ಅಂತ ಒಂದು ಉದ್ದನೆಯ ಸಾಲು ಬರುತ್ತದೆ. ತಪ್ಪೇನೂ ಇಲ್ಲ, ಆದರೆ ಎದುರಿಗಿದ್ದ (x − 3) ಆ ಗುಂಪಿನಲ್ಲಿ ಮತ್ತೆ ಮಾಯ. ಬಿಡಿಸಬೇಕಾದ್ದು ವರ್ಗಮೂಲ ಇದ್ದ ಬದಿಯನ್ನು ಮಾತ್ರ. ಇನ್ನೊಂದು ಬದಿಯನ್ನು ಗುಣಲಬ್ಧವಾಗಿಯೇ ಇಟ್ಟುಕೊಳ್ಳಿ.

ಇದೇ ಲೆಕ್ಕವನ್ನು ಬರೀ ಅಪವರ್ತಿಸಿಯೂ ಮುಗಿಸಬಹುದು. t = √(x+1) ಅಂತ ಇಟ್ಟುಕೊಳ್ಳಿ. ಆಗ x = t² − 1. x ಮೂರಕ್ಕೆ ಹೋದರೆ t ಎರಡಕ್ಕೆ ಹೋಗುತ್ತದೆ. x − 3 ಅಂದರೆ t² − 4, x + 3 ಅಂದರೆ t² + 2. ಭಿನ್ನರಾಶಿ ಈಗ:

(t − 2) / [(t − 2)(t + 2)(t² + 2)]

t − 2 ಹೊಡೆದರೆ 1/(4 × 6), ಅಂದರೆ ಮತ್ತೆ 1/24. ವರ್ಗಮೂಲದ ಹೆಸರೇ ಇಲ್ಲದಂತೆ ಕೆಲಸ ಆಯಿತು. ಒಂದೇ ಬಗೆಯ ಮೂಲ ಲೆಕ್ಕದಲ್ಲಿ ಎರಡು ಮೂರು ಕಡೆ ಬಂದಿದ್ದರೆ ನನಗೆ ಕಾಂಜುಗೇಟ್‌ಗಿಂತ ಈ ಬದಲಾವಣೆಯೇ ಜಾಸ್ತಿ ಇಷ್ಟ.

ಮೂರನೆಯದು ಅವಕಲನದ ದಾರಿ, ಅಂದರೆ ಲೋಪಿಟಾಲ್ ನಿಯಮ. ಮೇಲಿನದನ್ನು ಬೇರೆಯಾಗಿ, ಕೆಳಗಿನದನ್ನು ಬೇರೆಯಾಗಿ ಅವಕಲಿಸಬೇಕು. ಭಾಗಾಕಾರ ನಿಯಮವನ್ನು ಇಲ್ಲಿ ಹಾಕಲೇಬಾರದು. ಮೇಲಿನದರ ಅವಕಲನ 1/(2√(x+1)), ಕೆಳಗಿನದರದ್ದು 2x. x = 3 ಹಾಕಿದರೆ ಮೇಲೆ 1/4, ಕೆಳಗೆ 6. ಉತ್ತರ 1/24.

ಮೂರೂ ಒಂದೇ ಕಡೆ ತಂದು ನಿಲ್ಲಿಸಿದವು. ಇದು ಕಾಕತಾಳೀಯ ಅಲ್ಲ. ಒಂದು ಫಂಕ್ಷನ್ x = a ಯಲ್ಲಿ ಸೊನ್ನೆಯಾಗಿದ್ದು, ಅಲ್ಲಿ ಅದರ ಅವಕಲನ ಇದ್ದರೆ, a ಹತ್ತಿರ ಅದು ಸುಮಾರಾಗಿ f′(a) × (x − a) ಥರ ನಡೆದುಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲೇ ನೋಡಿ. x = 3.01 ಆದಾಗ x − 3 ಅಂದರೆ 0.01. ಮೇಲಿನದು ಸುಮಾರು (1/4) × 0.01 = 0.0025 ಇರಬೇಕು, ನಿಜಕ್ಕೂ ಇರುವುದು 0.002498. ಕೆಳಗಿನದು 6 × 0.01 = 0.06 ಇರಬೇಕು, ಇರುವುದು 0.0601. ಭಾಗಿಸುವಾಗ ಆ 0.01 ಎರಡೂ ಕಡೆ ಹೊಡೆದುಹೋಗಿ 1/4 ಮತ್ತು 6 ಮಾತ್ರ ಉಳಿಯುತ್ತವೆ.

ಅಂದರೆ ಅವಕಲನವೂ ಒಳಗೊಳಗೇ (x − a) ಯನ್ನು ಹೊಡೆದುಹಾಕುತ್ತಿದೆ. ಬಹುಪದೋಕ್ತಿಯಲ್ಲಂತೂ ಇದು ಕರಾರುವಾಕ್ಕು. p(x) = (x − a) q(x) ಆಗಿದ್ದರೆ p′(a) = q(a). ನೀವು ಅಪವರ್ತಿಸಿ ಉಳಿಸಿಕೊಳ್ಳುವ ಸಂಖ್ಯೆಯೂ ಅವಕಲಿಸಿ ಪಡೆಯುವ ಸಂಖ್ಯೆಯೂ ಒಂದೇ. ಹಾಗಾಗಿ ಯಾವ ದಾರಿ ಅನ್ನೋ ಪ್ರಶ್ನೆ ನಿಜವಾಗಿ ಇದು: (x − a) ಎಲ್ಲಿ ಅಡಗಿದೆ?

ಮೇಲೆ ಕೆಳಗೆ ಎರಡೂ ಬಹುಪದೋಕ್ತಿಗಳಾಗಿದ್ದರೆ ಅದು ಹೆಚ್ಚು ಅಡಗಿಲ್ಲ. a ಹಾಕಿದಾಗ ಸೊನ್ನೆ ಬಂತು ಅಂದರೆ (x − a) ಅಪವರ್ತನ ಇದ್ದೇ ಇದೆ, ಶೇಷ ಪ್ರಮೇಯ ಆ ಭರವಸೆ ಕೊಡುತ್ತದೆ. ಹುಡುಕುವ ಕೆಲಸ ಇಲ್ಲ, ಭಾಗಿಸುವುದಷ್ಟೇ. ಅದೂ ಒಂದೇ ಸಲ ಇರಬೇಕೆಂದಿಲ್ಲ. x ಒಂದಕ್ಕೆ ಹೋಗುವಾಗ (x³ − 3x + 2)/(x³ − x² − x + 1) ನೋಡಿ. ಒಮ್ಮೆ (x − 1) ತೆಗೆದರೂ (x² + x − 2)/(x² − 1) ಉಳಿದು ಮತ್ತೆ 0/0. ಇನ್ನೊಮ್ಮೆ ತೆಗೆದರೆ (x + 2)/(x + 1), ಉತ್ತರ 3/2. ಅವಕಲನದಲ್ಲಿ ಮಾಡಿದರೂ ಎರಡು ಸಲವೇ ಬೇಕು: ಮೊದಲ ಸಲ (3x² − 3)/(3x² − 2x − 1), ಅದೂ 0/0. ಎರಡನೇ ಸಲ 6x/(6x − 2), ಅಂದರೆ 6/4. ಎಷ್ಟು ಸಲ ಅಪವರ್ತಿಸಬೇಕೋ ಅಷ್ಟೇ ಸಲ ಅವಕಲಿಸಬೇಕು.

ವರ್ಗಮೂಲದಿಂದ ಏನನ್ನೋ ಕಳೆದಿದ್ದರೆ, ಅಥವಾ ಎರಡು ವರ್ಗಮೂಲಗಳ ವ್ಯತ್ಯಾಸ ಇದ್ದರೆ ಕಾಂಜುಗೇಟ್. ಆದರೆ ಈ ಉಪಾಯ ವರ್ಗಮೂಲಕ್ಕೆ ಮಾತ್ರ ಮೀಸಲು ಅಂದುಕೊಳ್ಳಬೇಡಿ. x ಸೊನ್ನೆಗೆ ಹೋಗುವಾಗ (1 − cos x)/x² ಇದೆ ಅನ್ನಿ. 1 + cos x ನಿಂದ ಮೇಲೂ ಕೆಳಗೂ ಗುಣಿಸಿದರೆ ಮೇಲೆ 1 − cos²x, ಅಂದರೆ sin²x. ಈಗ (sin x / x)² × 1/(1 + cos x) ಆಯಿತು. ಗೊತ್ತಿರುವ sin x / x → 1 ಹಾಕಿದರೆ ಉತ್ತರ 1/2. ಕರಣಿ ಎಲ್ಲೂ ಇಲ್ಲ, ಆದರೂ ಕಾಂಜುಗೇಟ್ ಕೆಲಸ ಮಾಡಿತು.

ಘನಮೂಲ ಬಂದರೆ ಕಾಂಜುಗೇಟ್ ಸ್ವಲ್ಪ ದಪ್ಪಗಾಗುತ್ತದೆ. ಆಗ a³ − b³ = (a − b)(a² + ab + b²) ಬೇಕು. x ಎಂಟಕ್ಕೆ ಹೋಗುವಾಗ (∛x − 2)/(√(x+1) − 3) ಅಂತ ಕೊಟ್ಟರೆ ಮೇಲೊಂದು ಬಗೆಯ ಗುಣಕ, ಕೆಳಗೊಂದು ಬಗೆಯ ಗುಣಕ ಬೇಕು. ಮಾಡಬಹುದು, ಆದರೆ ಪುಟ ತುಂಬುತ್ತದೆ. ಅವಕಲನದಲ್ಲಿ ಒಂದೇ ಸಾಲು: ಮೇಲೆ 1/(3 × 4) = 1/12, ಕೆಳಗೆ 1/(2 × 3) = 1/6, ಉತ್ತರ 1/2. ಮೂಲಗಳ ಜಾತಿ ಬೇರೆ ಬೇರೆ ಆದಷ್ಟೂ ಅವಕಲನದ ಕಡೆ ತಕ್ಕಡಿ ವಾಲುತ್ತದೆ.

ಈ ನಿಯಮ ಮೊದಲು ಅಚ್ಚಾದಾಗ ಕೊಟ್ಟ ಉದಾಹರಣೆಯೂ ಇಂಥದ್ದೇ. ಫ್ರಾನ್ಸಿನ ಮಾರ್ಕ್ವಿಸ್ ದ ಲೋಪಿಟಾಲ್ 1696ರಲ್ಲಿ ಅವಕಲನದ ಬಗ್ಗೆ ಒಂದು ಪಠ್ಯಪುಸ್ತಕ ಹೊರತಂದ. ನಿಯಮ ಕಂಡುಹಿಡಿದವನು ಅವನಲ್ಲ, ಅವನಿಗೆ ಪಾಠ ಹೇಳಿದ್ದ ಸ್ವಿಟ್ಜರ್ಲೆಂಡಿನ ಯೋಹಾನ್ ಬರ್ನೂಲಿ. 1694ರಲ್ಲಿ ಲೋಪಿಟಾಲ್ ಅವನಿಗೆ ಪತ್ರ ಬರೆದು, ವರ್ಷಕ್ಕೆ 300 ಲೀವ್ರ್ ಕೊಡುತ್ತೇನೆ, ನಿನ್ನ ಹೊಸ ಶೋಧಗಳನ್ನು ನನಗೆ ತಿಳಿಸು, ಬೇರೆಯವರಿಗೆ ಹೇಳಬೇಡ ಅಂತ ಒಪ್ಪಂದ ಮಾಡಿಕೊಂಡಿದ್ದ. ಹೆಸರು ಮಾತ್ರ ದುಡ್ಡು ಕೊಟ್ಟವನದೇ ಉಳಿಯಿತು. ಆ ಪುಸ್ತಕದ ಲೆಕ್ಕದಲ್ಲಿ a ಬದಲು 1 ಇಟ್ಟರೆ ಹೀಗೆ ಕಾಣುತ್ತದೆ:

lim (x→1) (√(2x − x⁴) − ∛x) / (1 − ∜(x³))

ವರ್ಗಮೂಲ, ಘನಮೂಲ, ನಾಲ್ಕನೆಯ ಮೂಲ, ಮೂರೂ ಒಂದೇ ಕಡೆ. ಕಾಂಜುಗೇಟ್ ಹಿಡಿದು ಹೊರಟರೆ ದಾರಿ ಇದೆ, ಆದರೆ ದೂರ. ಅವಕಲಿಸಿ ನೋಡಿ. √(2x − x⁴) ನ ಅವಕಲನ (2 − 4x³)/(2√(2x − x⁴)), x = 1ರಲ್ಲಿ ಅದು −1. ∛x ನದು 1/3. ಹಾಗಾಗಿ ಮೇಲೆ −1 − 1/3 = −4/3. ಕೆಳಗೆ −3/4. ಭಾಗಿಸಿದರೆ 16/9. ನಿಯಮವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಲೆಕ್ಕ ಆರಿಸುವುದು ಕಷ್ಟ.

ಮೂಲವೂ ಇಲ್ಲ, ಬಹುಪದೋಕ್ತಿಯೂ ಅಲ್ಲ ಅನ್ನುವ ಮಿಶ್ರ ಲೆಕ್ಕಗಳಲ್ಲಿ ಬೀಜಗಣಿತ ಕೈಚೆಲ್ಲುತ್ತದೆ. x ಸೊನ್ನೆಗೆ ಹೋಗುವಾಗ (sin x − x)/x³. sin x − x ಅನ್ನು ಯಾವ ಕಡೆಯಿಂದ ಅಪವರ್ತಿಸುವುದು? ಒಮ್ಮೆ ಅವಕಲಿಸಿದರೆ (cos x − 1)/(3x²). ಇಲ್ಲಿ ನಿಂತು ಒಂದು ಕ್ಷಣ ನೋಡಿ. (1 − cos x)/x² ಈಗಷ್ಟೇ ಮಾಡಿದ್ದೇವೆ, ಅದು 1/2. ಹಾಗಾದರೆ ಇದು −(1/3)(1/2) = −1/6. ಮೂರು ಸಲ ಅವಕಲಿಸಿದರೂ ಇದೇ ಬರುತ್ತದೆ, ಆದರೆ ಒಂದು ದಾರಿ ಹಿಡಿದ ಮೇಲೆ ಕೊನೆವರೆಗೂ ಅದರಲ್ಲೇ ಹೋಗಬೇಕು ಅನ್ನೋ ಕಟ್ಟು ಏನೂ ಇಲ್ಲ. ಒಂದು ಹೆಜ್ಜೆ ಅವಕಲನ, ಮುಂದಿನದು ಬೀಜಗಣಿತ. ಪ್ರತಿ ಹೆಜ್ಜೆಯಲ್ಲೂ ಎದುರಿಗೆ ಏನಿದೆ ಅಂತ ನೋಡಿದರೆ ಸಾಕು.

ಇಷ್ಟು ಸುಲಭ ಆದರೆ ಎಲ್ಲಕ್ಕೂ ಅವಕಲನವನ್ನೇ ಹಾಕಬಹುದಲ್ವಾ? ಈ ಪ್ರಶ್ನೆ ನ್ಯಾಯವೇ. ಪಿಯುಸಿ ಓದುವವರಿಗೆ ಒಂದು ವ್ಯಾವಹಾರಿಕ ಉತ್ತರ ಇದೆ. ಪ್ರಥಮ ಪಿಯುಸಿಯ ಲಿಮಿಟ್ ಪಾಠದಲ್ಲಿ ಲೋಪಿಟಾಲ್ ನಿಯಮ ಇಲ್ಲ. ಅಲ್ಲಿ ಹೆಜ್ಜೆ ಬರೆದು ತೋರಿಸಬೇಕಾದ ಲೆಕ್ಕವನ್ನು ಪಾಠದಲ್ಲಿರುವ ವಿಧಾನದಿಂದಲೇ ಮಾಡುವುದು ಜಾಣತನ. ಸಿಇಟಿಯಂಥ ಆಯ್ಕೆ ಪ್ರಶ್ನೆಗಳಲ್ಲಿ ಹೆಜ್ಜೆ ಯಾರೂ ಕೇಳುವುದಿಲ್ಲ, ಅಲ್ಲಿ ಬಳಸಿ. ಆದರೆ ಪರೀಕ್ಷೆಯಾಚೆಗೂ ಕಾರಣಗಳಿವೆ.

ಮೊದಲನೆಯದು, ನಿಲ್ಲಿಸಬೇಕಾದ ಕಡೆ ನಿಲ್ಲಿಸದಿರುವುದು. x ಎರಡಕ್ಕೆ ಹೋಗುವಾಗ (x² − 4)/(x² − 3x + 2) ತೆಗೆದುಕೊಳ್ಳಿ. ಅಪವರ್ತಿಸಿದರೆ (x + 2)/(x − 1), ಉತ್ತರ 4. ಅವಕಲಿಸಿದರೆ 2x/(2x − 3), x = 2ರಲ್ಲಿ 4/1, ಅದೇ 4. ಆದರೆ ಕೈ ಓಟದಲ್ಲಿ ಇನ್ನೊಮ್ಮೆ ಅವಕಲಿಸಿಬಿಟ್ಟರೆ 2/2 = 1. ತಪ್ಪು, ಆದರೆ ನೋಡಲು ಅಚ್ಚುಕಟ್ಟಾದ ಉತ್ತರ! 4/1 ಅನ್ನೋದು 0/0 ಅಲ್ಲ, ಆದ್ದರಿಂದ ಅಲ್ಲಿ ನಿಯಮಕ್ಕೆ ಅಧಿಕಾರ ಇಲ್ಲ. ಪ್ರತಿ ಸಲ ಅವಕಲಿಸುವ ಮುಂಚೆ ಸಂಖ್ಯೆ ಹಾಕಿ, ಮತ್ತೆ 0/0 ಬಂತಾ ಅಂತ ನೋಡಲೇಬೇಕು. ಬಾರದಿದ್ದರೆ ಪೆನ್ನು ಕೆಳಗಿಡಿ.

ಎರಡನೆಯದು ಸ್ವಲ್ಪ ಸೂಕ್ಷ್ಮ. sin x / x ನ ಲಿಮಿಟ್ 1 ಅಂತ ಸಾಧಿಸಲು ಅವಕಲನ ಬಳಸಿದರೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೇವೆ. sin x ನ ಅವಕಲನ cos x ಅಂತ ಗೊತ್ತಾಗಿದ್ದೇ ಆ ಲಿಮಿಟ್‌ನಿಂದ. ಅದಕ್ಕೇ ಪಾಠದಲ್ಲಿ ಅದನ್ನು ವೃತ್ತದ ಚಿತ್ರ ಬರೆದು, ವಿಸ್ತೀರ್ಣಗಳನ್ನು ಹೋಲಿಸಿ ಸಾಧಿಸುವುದು. ಉತ್ತರ ನೆನಪಾಗದೆ ಹೋದರೆ ಅವಕಲನ ಹಾಕಿ ನೆನಪಿಸಿಕೊಳ್ಳಬಹುದು, ಸಾಧನೆ ಅಂತ ಬರೆಯುವಂತಿಲ್ಲ.

ಮೂರನೆಯದು, ಅವಕಲಿಸಿದಷ್ಟೂ ಲೆಕ್ಕ ಹದಗೆಡುವ ಸಂದರ್ಭ. x ಬಲಗಡೆಯಿಂದ ಸೊನ್ನೆಗೆ ಬರುವಾಗ e^(−1/x) / x ಕೂಡ 0/0. ಒಮ್ಮೆ ಅವಕಲಿಸಿದರೆ e^(−1/x) / x². ಕೆಳಗಿನ ಘಾತ ಇಳಿಯುವ ಬದಲು ಏರಿತು. ಮತ್ತೆ ಮಾಡಿದರೆ ಇನ್ನೂ ಏರುತ್ತದೆ. ಎರಡು ಹೆಜ್ಜೆಯಲ್ಲಿ ಹಗುರಾಗದಿದ್ದರೆ ದಾರಿ ಬದಲಿಸಿ ಅನ್ನೋದು ನಾನು ಪಾಲಿಸುವ ಪದ್ಧತಿ. ಇಲ್ಲಿ t = 1/x ಅಂತ ಇಟ್ಟರೆ t/e^t ಆಗುತ್ತದೆ. t ದೊಡ್ಡದಾಗುತ್ತಾ ಹೋದಂತೆ e^t ಅದಕ್ಕಿಂತ ಎಷ್ಟೋ ಬೇಗ ಬೆಳೆಯುವುದರಿಂದ ಲಿಮಿಟ್ 0.

ಬೀಜಗಣಿತದ ದಾರಿಯಲ್ಲೂ ಹಳ್ಳ ಇಲ್ಲದೇ ಇಲ್ಲ. x ಮೂರಕ್ಕೆ ಹೋಗುವಾಗ √(x² − 6x + 9)/(x − 3). ಒಳಗಿರುವುದು (x − 3)², ವರ್ಗಮೂಲ ತೆಗೆದರೆ x − 3, ಭಾಗಿಸಿದರೆ 1. ಹೀಗೆ ಬರೆದು ಮುಂದೆ ಹೋಗುವವರೇ ಜಾಸ್ತಿ. ವರ್ಗಮೂಲ ಯಾವತ್ತೂ ಋಣ ಸಂಖ್ಯೆ ಕೊಡುವುದಿಲ್ಲ, ಹಾಗಾಗಿ ಮೇಲಿರುವುದು |x − 3|. ಬಲಗಡೆಯಿಂದ ಬಂದರೆ 1, ಎಡಗಡೆಯಿಂದ ಬಂದರೆ −1. ಲಿಮಿಟ್ ಇಲ್ಲ. 3.01 ಮತ್ತು 2.99 ಎರಡನ್ನೂ ಹಾಕಿ ನೋಡಿದ್ದರೆ ಇದು ತಕ್ಷಣ ಸಿಕ್ಕಿಬೀಳುತ್ತಿತ್ತು. ಎರಡೂ ಬದಿಯ ಅಂದಾಜು ತೆಗೆಯಲು ಹೇಳಿದ್ದು ಸುಮ್ನೆ ಅಲ್ಲ.

ಇನ್ನು ನಿಯಮದ ಒಂದು ಮಿತಿ, ಪುಸ್ತಕಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುವಂಥದ್ದು. ಅವಕಲಿಸಿದ ಮೇಲೆ ಬರುವ ಭಿನ್ನರಾಶಿಗೆ ಲಿಮಿಟ್ ಇದ್ದರೆ ಮಾತ್ರ ಅದು ಮೂಲ ಲೆಕ್ಕದ ಉತ್ತರ. ಇಲ್ಲದಿದ್ದರೆ ನಿಯಮ ಏನನ್ನೂ ಹೇಳುವುದಿಲ್ಲ. x ಸೊನ್ನೆಗೆ ಹೋಗುವಾಗ x² sin(1/x) / x ನೋಡಿ. ಮೇಲಿನದನ್ನು ಅವಕಲಿಸಿದರೆ 2x sin(1/x) − cos(1/x), ಕೆಳಗೆ 1. cos(1/x) ಸೊನ್ನೆಯ ಹತ್ತಿರ 1 ಮತ್ತು −1ರ ನಡುವೆ ಒಂದೇ ಸಮನೆ ಓಲಾಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಅದನ್ನು ನೋಡಿ ಲಿಮಿಟ್ ಇಲ್ಲ ಅಂತ ಬರೆದರೆ ತಪ್ಪು. ಮೊದಲೇ ಒಂದು x ಹೊಡೆದಿದ್ದರೆ ಉಳಿಯುತ್ತಿದ್ದದ್ದು x sin(1/x). sin ಎಷ್ಟೇ ಕುಣಿದರೂ −1 ಮತ್ತು 1ರ ಆಚೆ ಹೋಗುವುದಿಲ್ಲ, ಹಾಗಾಗಿ ಇಡೀ ಗುಣಲಬ್ಧ −|x| ಮತ್ತು |x| ನಡುವೆ ಸಿಕ್ಕಿಕೊಂಡಿದೆ. x ಸೊನ್ನೆಯಾಗುತ್ತಿದ್ದಂತೆ ಅದೂ ಸೊನ್ನೆಯಾಗಲೇಬೇಕು. ಉತ್ತರ 0.